ಮುಖ ನೋಡಿ ಮಣೆ: ಚಿಕ್ಕಪ್ಪ ಸೋತ ಸೊಸೈಟಿ ಚುನಾವಣೆ

ನಮ್ಮ ಚಿಕ್ಕಪ್ಪ 31 ಮತಗಳಿಂದ ಸೋತರು. ವಿಧಾನಸಭೆಯೂ ಅಲ್ಲ, ಪಾಲಿಕೆಯೂ ಅಲ್ಲ. ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ಆಡಳಿತ ಮಂಡಳಿ ಚುನಾವಣೆ. ಸಂಘದ ಹೆಸರು ಹೇಳಲ್ಲ, ಈ ಊರಲ್ಲಿ ಅಂಥವು ಬೇಕಾದಷ್ಟಿವೆ, ನೀವೇ ಒಂದನ್ನು ಊಹಿಸಿಕೊಳ್ಳಿ. ಎರಡು ವರ್ಷದ ಹಿಂದಿನ ಮಾತು. ಈಗ ಯಾಕೆ ಬರೀತಿದೀನಿ ಅಂದ್ರೆ, ಮತದಾನದ ದಿನ ಗೇಟಿನ ಹತ್ತಿರ ನಾನು ಒಂದು ಮಾತು ಕೇಳಿಸಿಕೊಂಡೆ, ಅದು ತಲೆಯಿಂದ ಹೋಗಲೇ ಇಲ್ಲ. ಆಮೇಲೆ ಅದರ ಬೆನ್ನು ಹತ್ತಿ ಓದಿದ್ದು, ಮನೆಯಲ್ಲೇ ಒಂದು ಚಿಕ್ಕ ಪರೀಕ್ಷೆ ಮಾಡಿ ಕೆಡಿಸಿಕೊಂಡಿದ್ದು, ಎಲ್ಲವನ್ನೂ ಇಲ್ಲಿ ಬರೆದಿದ್ದೀನಿ.

ಮೊದಲು ಚಿಕ್ಕಪ್ಪ ಯಾರು ಅಂತ ಹೇಳಬೇಕು. ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ 30 ವರ್ಷ ಲೆಕ್ಕ ಬರೆದವರು. ಸಂಘದ ಹಳೇ ಷೇರುದಾರರು. ವಾರ್ಷಿಕ ಮಹಾಸಭೆಗೆ ಎಲ್ಲರೂ ಊಟದ ಹೊತ್ತಿಗೆ ಬಂದರೆ ಇವರು ಆಡಿಟ್ ವರದಿ ಹಿಡಿದುಕೊಂಡು ಹತ್ತು ಗಂಟೆಗೇ ಬಂದು ಮುಂದಿನ ಸಾಲಲ್ಲಿ ಕೂರುವವರು. ಸುಸ್ತಿ ಸಾಲ ಎಷ್ಟು, ಅದರಲ್ಲಿ ಮೂರು ವರ್ಷ ದಾಟಿದ್ದು ಎಷ್ಟು, ಅದಕ್ಕೆ ಎಷ್ಟು ತೆಗೆದಿಟ್ಟಿದ್ದೀರಿ ಅಂತ ಪ್ರತಿ ವರ್ಷ ಕೇಳಿ ಕಾರ್ಯದರ್ಶಿಗೆ ಬೆವರು ಹರಿಸುವವರು. ನಿರ್ದೇಶಕರಾಗೋಕೆ ಇದಕ್ಕಿಂತ ಇನ್ನೇನು ಬೇಕು ಹೇಳಿ? ಆದರೆ ಮುಖ ಮಾತ್ರ ಮಗುವಿನ ಮುಖ. ದುಂಡು ಕೆನ್ನೆ, ದೊಡ್ಡ ಕಣ್ಣು, ಚಿಕ್ಕ ಗದ್ದ. 61 ವರ್ಷಕ್ಕೂ ಯಾರೋ ಈಗ ತಾನೇ ತೊಟ್ಟಿಲಿಂದ ಎತ್ತಿ ಕೂರಿಸಿದ ಹಾಗೆ ಕಾಣ್ತಾರೆ.

ಒಂಬತ್ತನೇ ಗುರುತು

ಈ ಚುನಾವಣೆಯಲ್ಲಿ ಒಂದು ವಿಶೇಷ ಇತ್ತು. ಅದನ್ನು ಸರಿಯಾಗಿ ಹೇಳದಿದ್ದರೆ ಮುಂದಿನದು ಅರ್ಥ ಆಗಲ್ಲ.

ಸಾಮಾನ್ಯ ಕ್ಷೇತ್ರದಿಂದ 9 ಜನ ಆಯ್ಕೆ ಆಗಬೇಕಿತ್ತು. ಪ್ರತಿ ಷೇರುದಾರನಿಗೂ 9 ಮತ. ಆಡಳಿತದಲ್ಲಿದ್ದ ಸಿಂಡಿಕೇಟ್ ಬಲವಾಗಿತ್ತು, ಆದರೆ ಅವರೊಳಗೆ ಎರಡು ಗುಂಪು. ಒಂಬತ್ತನೇ ಹೆಸರಿಗೆ ಜಗಳ ಆಗಿ, ಕೊನೆಗೆ ಎಂಟೇ ಜನರ ಪಟ್ಟಿ ಹೊರಬಿತ್ತು. ಉಳಿದ ಆರು ಜನ ಯಾರ ಪಟ್ಟಿಯಲ್ಲೂ ಇಲ್ಲದವರು, ಅವರಲ್ಲಿ ಚಿಕ್ಕಪ್ಪನೂ ಒಬ್ಬರು. ಸಿಂಡಿಕೇಟಿನ ಎಂಟೂ ಜನ ಗೆಲ್ಲೋದು ಎಲ್ಲರಿಗೂ ಗೊತ್ತಿತ್ತು, ಗೆದ್ದರು. ಅಂದ್ರೆ ನಿಜವಾದ ಸ್ಪರ್ಧೆ ಇದ್ದಿದ್ದು ಆ ಒಂಬತ್ತನೇ ಜಾಗಕ್ಕೆ ಮಾತ್ರ.

ಈಗ ಮತ ಹಾಕೋಕೆ ಬಂದವರ ಕಡೆಯಿಂದ ನೋಡಿ. ಪರಿಚಯದವರು ಕೊಟ್ಟ ಪಟ್ಟಿ ನೋಡಿಕೊಂಡು ಎಂಟು ಗುರುತು ಹಾಕಿ ಆಯ್ತು. ಇನ್ನೊಂದು ಉಳಿದಿದೆ. ಅದಕ್ಕೆ ಯಾರೂ ಏನೂ ಹೇಳಿಕೊಟ್ಟಿಲ್ಲ. ಪಕ್ಷ ಇಲ್ಲ, ಪಟ್ಟಿ ಇಲ್ಲ. ಗೇಟಿನಲ್ಲಿ ಕೈಗೆ ಸಿಕ್ಕ ಕರಪತ್ರಗಳಷ್ಟೇ ಇವೆ. ಅದರಲ್ಲಿ ಬರೆದಿದ್ದೆಲ್ಲ ಒಂದೇ: ‘ಸಂಘದ ಸರ್ವತೋಮುಖ ಅಭಿವೃದ್ಧಿಗಾಗಿ’. ಹಾಗಾದರೆ ಬೇರೆ ಬೇರೆ ಇರೋದು ಏನು? ಹೆಸರು, ಚಿಹ್ನೆ, ಮುಖ.

ಚಿಕ್ಕಪ್ಪನ ಕರಪತ್ರದ ಫೋಟೋ ನನ್ನ ತಪ್ಪು. ಯಾವುದೋ ಮದುವೆ ಫೋಟೋದಿಂದ ಕತ್ತರಿಸಿದ್ದು. ತಲೆ ಒಂದು ಕಡೆ ವಾಲಿತ್ತು, ಬಾಯಿ ತುಂಬ ನಗು, ಕನ್ನಡಕದ ಮೇಲೆ ಫ್ಲ್ಯಾಶಿನ ಬಿಳಿ ಮಚ್ಚೆ, ಭುಜದ ಮೇಲೆ ಯಾರದೋ ಬಳೆ ಹಾಕಿದ ಕೈಯ ಅರ್ಧ. ‘ನಗ್ತಾ ಇದೀರ, ಚೆನ್ನಾಗಿದೆ ಬಿಡಿ’ ಅಂತ ನಾನೇ ಡಿಟಿಪಿ ಅಂಗಡಿಗೆ ಕಳಿಸಿದ್ದೆ. ಒಂಬತ್ತನೇ ಜಾಗಕ್ಕೆ ಗೆದ್ದವರು ಟೈಲ್ಸ್ ವ್ಯಾಪಾರಿ, ನಲವತ್ತೈದು ವಯಸ್ಸು ಇರಬೇಕು, ಸಂಘಕ್ಕೆ ಬಂದು ಕೆಲವೇ ವರ್ಷ ಆಗಿತ್ತು. ಅವರದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ಬಿಳಿ ಅಂಗಿ, ಒಂದು ಪಕ್ಕದಿಂದ ಬೆಳಕು, ಚೌಕಾದ ದವಡೆ, ದಪ್ಪ ಹುಬ್ಬು, ತುಟಿ ಬಿಗಿ.

ಗೇಟಿನ ಹತ್ತಿರ ಇಬ್ಬರು ಹೆಂಗಸರು ನಿಂತಿದ್ದರು, ತಾಯಿ ಮಗಳು ಇರಬೇಕು. ಮಗಳು ಕೇಳಿದಳು, ‘ಎಂಟು ಆಯ್ತಲ್ಲವ್ವ, ಇನ್ನೊಂದು ಯಾರಿಗೆ?’ ತಾಯಿ ಎರಡು ಕರಪತ್ರ ಅಕ್ಕಪಕ್ಕ ಹಿಡಿದು ನೋಡಿದರು. ಎರಡು ಸೆಕೆಂಡ್ ಕೂಡ ಇಲ್ಲ. ‘ಇವ್ರಿಗೆ ಹಾಕು, ಕೆಲಸ ಮಾಡೋರ ತರ ಇದಾರೆ’ ಅಂದರು. ಆಮೇಲೆ ಚಿಕ್ಕಪ್ಪನ ಫೋಟೋ ನೋಡಿ, ‘ಇವ್ರು ಪಾಪ, ಒಳ್ಳೇ ಮನುಷ್ಯ ಇದ್ದಂಗೆ ಅದಾರೆ’ ಅಂದು ಮಡಚಿ ಬ್ಯಾಗಿಗೆ ಹಾಕಿಕೊಂಡರು.

‘ಪಾಪ, ಒಳ್ಳೇ ಮನುಷ್ಯ.’ ಅಲ್ಲಿಗೆ ಮುಗೀತು.

ಒಳ್ಳೆಯವರು ಬೇರೆ, ಕೈಲಾಗುವವರು ಬೇರೆ

ಮುಖ ನೋಡಿ ಮಣೆ ಹಾಕೋದು ಅಂತ ನಮ್ಮಲ್ಲಿ ಮಾತೇ ಇದೆ. ಆದರೆ ಆ ಗಾದೆಯಲ್ಲಿ ಮುಖ ಅಂದ್ರೆ ಮನುಷ್ಯನ ಅಂತಸ್ತು, ಪರಿಚಯ. ನಾನು ಓದಿದ್ದು ಅಕ್ಷರಶಃ ಮುಖದ ಬಗ್ಗೆ.

2005ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಟೊಡೊರೊವ್ ಮತ್ತು ಜೊತೆಗಾರರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಮಾಡಿದ್ದು ಬಹಳ ಸರಳ. ಅಲ್ಲಿನ ಸಂಸತ್ತಿನ ಚುನಾವಣೆಗಳಲ್ಲಿ ಗೆದ್ದವರು ಮತ್ತು ಎರಡನೇ ಸ್ಥಾನಕ್ಕೆ ಬಂದವರ ಕಪ್ಪು ಬಿಳುಪು ಫೋಟೋಗಳನ್ನು ಜೋಡಿ ಜೋಡಿಯಾಗಿ ತೋರಿಸಿದರು. ‘ಇವರಲ್ಲಿ ಯಾರು ಹೆಚ್ಚು ಸಮರ್ಥರ ಹಾಗೆ ಕಾಣ್ತಾರೆ?’ ಇಷ್ಟೇ ಪ್ರಶ್ನೆ. ಪಕ್ಷ ಹೇಳಲಿಲ್ಲ, ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಯಾವುದಾದರೂ ಮುಖ ಮೊದಲೇ ಗೊತ್ತು ಅಂತ ಯಾರಾದರೂ ಹೇಳಿದರೆ ಆ ಉತ್ತರವನ್ನು ಲೆಕ್ಕದಿಂದ ತೆಗೆದರು. ಜಾಸ್ತಿ ಜನ ‘ಇವರು ಸಮರ್ಥರು’ ಅಂದ ಮುಖವೇ ಸೆನೆಟ್ ಸ್ಪರ್ಧೆಗಳಲ್ಲಿ 71.6%ರಷ್ಟು ಕಡೆ ಗೆದ್ದಿತ್ತು, ಕೆಳಮನೆಯಲ್ಲಿ 66.8%ರಷ್ಟು ಕಡೆ. ಸುಮ್ನೆ ನಾಣ್ಯ ಚಿಮ್ಮಿದರೆ 50 ಬರುತ್ತೆ. ಬರೀ ಒಂದು ಸೆಕೆಂಡ್ ಫೋಟೋ ತೋರಿಸಿದಾಗಲೂ ಸೆನೆಟ್ ಸ್ಪರ್ಧೆಗಳಲ್ಲಿ 67.6% ಬಂತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಶೇಕಡಾವಾರು ಅಲ್ಲ. ಅವರು ಬೇರೆ ಗುಣಗಳನ್ನೂ ಕೇಳಿದ್ದರು: ಪ್ರಾಮಾಣಿಕರ ಹಾಗೆ ಕಾಣ್ತಾರಾ, ನಂಬಬಹುದಾ, ಇಷ್ಟ ಆಗ್ತಾರಾ ಅಂತೆಲ್ಲ. ಅವು ಯಾವುವೂ ಫಲಿತಾಂಶದ ಜೊತೆ ಹಾಗೆ ಹೊಂದಲಿಲ್ಲ. ಹೊಂದಿದ್ದು ಸಾಮರ್ಥ್ಯ ಮಾತ್ರ. ಗೇಟಿನ ಹತ್ತಿರ ಆ ತಾಯಿ ಅದನ್ನೇ ಮಾಡಿದ್ದು ನೋಡಿ. ಚಿಕ್ಕಪ್ಪನ ಮುಖದಲ್ಲಿ ಒಳ್ಳೆತನ ಓದಿದರು, ಇನ್ನೊಂದು ಮುಖದಲ್ಲಿ ಕೆಲಸ ಓದಿದರು. ಮತ ಕೆಲಸಕ್ಕೆ ಹೋಯ್ತು.

ಇದರಲ್ಲಿ ಆ ತಾಯಿಯ ಯೋಚನೆ ತಪ್ಪು ಅಂತ ನಾನು ಹೇಳೋದೇ ಇಲ್ಲ. ಸಂಘ ನಡೆಸೋಕೆ ಕೈಲಾಗುವವರು ಬೇಕು ಅನ್ನೋದು ಸರಿಯಾದ ಅಳತೆಯೇ. ಎಡವಟ್ಟು ಆಗೋದು ಎರಡನೇ ಹೆಜ್ಜೆಯಲ್ಲಿ. ಕೈಲಾಗುತ್ತೋ ಇಲ್ವೋ ಅಂತ ತಿಳಿಯೋಕೆ ಆಡಿಟ್ ವರದಿ ಓದೋ ಗಂಟೆಯ ಕೆಲಸ ಬೇಕು, ಮುಖವಾದರೆ ತಕ್ಷಣ ಉತ್ತರ ಕೊಟ್ಟುಬಿಡುತ್ತೆ. ಕಷ್ಟದ ಪ್ರಶ್ನೆಯ ಜಾಗಕ್ಕೆ ಸುಲಭದ ಪ್ರಶ್ನೆ ಬಂದು ಕೂತಿದ್ದು ನಮಗೆ ಗೊತ್ತೇ ಆಗಲ್ಲ.

ಆ ‘ಸಮರ್ಥ’ ಮುಖ ಅಂದ್ರೆ ಏನು ಹಾಗಾದರೆ? ಬಲಿತ ಮುಖ ಅನ್ನಬಹುದು. ಚೌಕಾದ ದವಡೆ, ಕಣ್ಣಿಗೆ ಹತ್ತಿರ ಇರೋ ಹುಬ್ಬು, ಜೊತೆಗೆ ನೋಡೋಕೂ ಸ್ವಲ್ಪ ಚೆನ್ನಾಗಿರಬೇಕು. ಅದಕ್ಕೆ ಪೂರ್ತಿ ಎದುರು ಅಂದ್ರೆ ಮಗುವಿನ ಮುಖ: ದುಂಡು ಕೆನ್ನೆ, ದೊಡ್ಡ ಕಣ್ಣು, ಚಿಕ್ಕ ಗದ್ದ. ಮಗುವಿನ ಮುಖ ಕಂಡರೆ ನಮಗೆ ಪ್ರೀತಿ ಬರುತ್ತೆ, ಮೋಸ ಮಾಡಲ್ಲ ಅನ್ನಿಸುತ್ತೆ, ಆದರೆ ಕೈಗೆ ಬೀಗದ ಕೈ ಕೊಡೋಕೆ ಮನಸ್ಸು ಹಿಂಜರಿಯುತ್ತೆ. ಚಿಕ್ಕಪ್ಪನ ಇಡೀ ಜೀವನ ಇದೇ ವಾಕ್ಯದಲ್ಲಿದೆ ಅಂತ ಚಿಕ್ಕಮ್ಮ ನಗ್ತಾರೆ.

ಇನ್ನೊಂದು ವಿಷಯ, ಜಾಸ್ತಿ ಯೋಚಿಸಿದರೆ ಸರಿಹೋಗುತ್ತೆ ಅಂತ ಅನ್ನಿಸುತ್ತಲ್ಲ? 2007ರಲ್ಲಿ ಟೊಡೊರೊವ್ ಮತ್ತು ಚಾರ್ಲ್ಸ್ ಬ್ಯಾಲ್ಯೂ ಗವರ್ನರ್ ಚುನಾವಣೆಗಳ ಮುಖಗಳನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ತೋರಿಸಿದರು. ಕಣ್ಣು ಮಿಟುಕಿಸಿದಷ್ಟೂ ಅಲ್ಲ. ಅಷ್ಟಕ್ಕೇ ಗೆದ್ದವರನ್ನು ಗುರುತಿಸೋದು ನಾಣ್ಯ ಚಿಮ್ಮೋದಕ್ಕಿಂತ ಚೆನ್ನಾಗಿತ್ತು. ಆದರೆ ‘ಚೆನ್ನಾಗಿ ಯೋಚಿಸಿ ಹೇಳಿ’ ಅಂದಾಗ ಊಹೆ ಕೆಟ್ಟಿತು. ಯಾಕೆ ಅಂದ್ರೆ ಅವರ ಮುಂದೆ ಯೋಚಿಸೋಕೆ ಬೇರೆ ಸರಕೇ ಇರಲಿಲ್ಲ, ಆ ಮೊದಲ ಅನ್ನಿಸಿಕೆಯೇ ಕಲಕಿಹೋಯ್ತು. ಮುಖವನ್ನೇ ಇನ್ನೂ ದಿಟ್ಟಿಸಿ ನೋಡಿದರೆ ಆಡಿಟ್ ವರದಿ ಕಾಣಿಸಲ್ಲವಲ್ಲ.

ಚಿತ್ರದುರ್ಗದಲ್ಲಿ ನಾನು ಮಾಡಿದ ಪರೀಕ್ಷೆ

ಇಷ್ಟು ಓದಿದ ಮೇಲೆ ಕೈ ಕಟ್ಟಿ ಕೂರೋದು ಹೇಗೆ? ನನ್ನ ಅಕ್ಕನ ಮಗಳು ಚಿತ್ರದುರ್ಗದಲ್ಲಿ ಹಾಸ್ಟೆಲಲ್ಲಿದ್ದು ಓದ್ತಾಳೆ. ನಮ್ಮ ಸೊಸೈಟಿಯ ಯಾರೂ ಆ ಹುಡುಗಿಯರಿಗೆ ಗೊತ್ತಿಲ್ಲ. ಎರಡೂ ಕರಪತ್ರದ ಫೋಟೋ ಅವಳ ಮೊಬೈಲಿಗೆ ಕಳಿಸಿದೆ. ‘ಒಂದು ಸೆಕೆಂಡ್ ತೋರಿಸು, ಯಾರು ಕೆಲಸ ಮಾಡೋರ ತರ ಕಾಣ್ತಾರೆ ಅಂತ ಕೇಳು, ಬೇರೆ ಏನೂ ಹೇಳಬೇಡ’ ಅಂದೆ.

ಹದಿನಾಲ್ಕು ಹುಡುಗಿಯರನ್ನು ಕೇಳಿದಳು. ಹತ್ತು ಜನ ಟೈಲ್ಸ್ ಅಂಗಡಿಯವರನ್ನು ತೋರಿಸಿದರು. ನಾನು ಕುಣಿದಾಡಿಬಿಟ್ಟೆ. ಚಿಕ್ಕಪ್ಪನಿಗೆ ಫೋನ್ ಮಾಡಿ, ‘ನೀವು ಸೋತಿದ್ದು ಮುಖದಿಂದ’ ಅಂತ ಹೇಳಿಯೂ ಆಯ್ತು. ಅವರು, ‘ಹೌದೇನಪ್ಪ, ಹಂಗಾದ್ರೆ ನಮ್ಮಪ್ಪನ್ನ ಕೇಳ್ಬೇಕು’ ಅಂದರು.

ಆಮೇಲೆ ಒಂದೊಂದೇ ತಪ್ಪು ಕಾಣೋಕೆ ಶುರುವಾಯ್ತು. ಚಿಕ್ಕವು ಮೊದಲು. ಹದಿನಾಲ್ಕರಲ್ಲಿ ಒಬ್ಬಳು ದಾವಣಗೆರೆಯವಳು, ಆ ಟೈಲ್ಸ್ ಅಂಗಡಿಯ ಫ್ಲೆಕ್ಸ್ ನೋಡಿದ್ದಳಂತೆ. ಅವಳ ಉತ್ತರ ತೆಗೀಬೇಕು. ಹದಿನಾಲ್ಕೂ ಜನಕ್ಕೆ ಟೈಲ್ಸ್‌ನವರ ಫೋಟೋ ಬಲಗಡೆಯೇ ಇತ್ತು, ಅರ್ಧ ಜನಕ್ಕೆ ಎಡಗಡೆ ಇಡಬೇಕಿತ್ತು. ಒಂದು ಫೋಟೋ ಸ್ಟುಡಿಯೋದ್ದು, ಒಂದು ಮದುವೆದು. ಆ ಹುಡುಗಿಯರು ಆರಿಸಿದ್ದು ದವಡೆಯನ್ನೋ ಬೆಳಕನ್ನೋ? ಭುಜದ ಮೇಲಿನ ಬಳೆ ಕೈ ನೋಡಿ ಇಬ್ಬರು ನಕ್ಕರಂತೆ. ಅದಕ್ಕೇ ಟೊಡೊರೊವ್ ಗುಂಪು ಎಲ್ಲ ಫೋಟೋಗಳನ್ನೂ ಕಪ್ಪು ಬಿಳುಪು ಮಾಡಿ ಒಂದೇ ಅಳತೆಗೆ ತಂದಿದ್ದು.

ದೊಡ್ಡ ತಪ್ಪು ಬೇರೆಯೇ. ನನ್ನ ಹತ್ತಿರ ಹದಿನಾಲ್ಕು ಉತ್ತರ ಇದೆ ಅಂದುಕೊಂಡಿದ್ದೆ. ಇರಲಿಲ್ಲ. ನನ್ನ ಹತ್ತಿರ ಇದ್ದಿದ್ದು ಒಂದೇ ಚುನಾವಣೆ. ಹದಿನಾಲ್ಕು ಸಾವಿರ ಹುಡುಗಿಯರನ್ನು ಕೇಳಿದರೂ ಅವರೆಲ್ಲ ಹೇಳೋದು ‘ಈ ಮುಖ ಹೀಗೆ ಕಾಣುತ್ತೆ’ ಅಂತ ಮಾತ್ರ. ಹಾಗೆ ಕಾಣುವವರು ಗೆಲ್ತಾರೆ ಅಂತ ತಿಳಿಯೋಕೆ ಬೇಕಿರೋದು ತುಂಬ ಚುನಾವಣೆಗಳು. ಟೊಡೊರೊವ್ ಗುಂಪಿನ ಹತ್ತಿರ ಸೆನೆಟಿನವು 95, ಕೆಳಮನೆಯವು 600 ಸ್ಪರ್ಧೆಗಳಿದ್ದವು. ಅಲ್ಲಿ ಎಣಿಸೋದು ಸ್ಪರ್ಧೆಗಳನ್ನು, ಉತ್ತರ ಕೊಟ್ಟವರನ್ನಲ್ಲ. ನಮ್ಮ ಒಂದು ಸ್ಪರ್ಧೆಯಲ್ಲಿ ಮುಖ ಮತ್ತು ಫಲಿತಾಂಶ ಹೊಂದಿದ್ದು ನಾಣ್ಯ ಒಂದು ಸಲ ಚಿಮ್ಮಿ ಹೆಡ್ ಬಿದ್ದ ಹಾಗೆ. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಚಿಕ್ಕಪ್ಪನ ಫೋನಿನ ಕಾಸು ಉಳೀತಿತ್ತು.

ಮಕ್ಕಳನ್ನೂ ಕೇಳಿದೆ, ಅದು ಮಾತ್ರ ಸುಮ್ನೆ ಖುಷಿಗೆ. 2009ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜಾನ್ ಆಂಟೊನಾಕಿಸ್ ಮತ್ತು ಓಲಾಫ್ ಡಾಲ್ಗಾಸ್ ಅನ್ನೋರು 5ರಿಂದ 13 ವರ್ಷದ ಮಕ್ಕಳಿಗೆ ಒಂದು ಹಡಗಿನ ಆಟ ಆಡಿಸಿ, ಆಮೇಲೆ ಎರಡು ಮುಖ ತೋರಿಸಿ, ನಿಮ್ಮ ಹಡಗಿಗೆ ಕ್ಯಾಪ್ಟನ್ ಯಾರಾಗಬೇಕು ಅಂತ ಕೇಳಿದ್ದರು. ಆ ಮುಖಗಳು ಫ್ರಾನ್ಸಿನ 2002ರ ಸಂಸತ್ ಚುನಾವಣೆಯ ಅಭ್ಯರ್ಥಿಗಳದು, ಮಕ್ಕಳಿಗೆ ಅದು ಗೊತ್ತಿಲ್ಲ. ಮಕ್ಕಳು ಆರಿಸಿದ ಕ್ಯಾಪ್ಟನ್ ಚುನಾವಣೆಯಲ್ಲಿ ಗೆದ್ದವರೇ ಆಗಿರೋದು ಸುಮಾರು 71%, ದೊಡ್ಡವರದೂ ಹೆಚ್ಚು ಕಡಿಮೆ ಅಷ್ಟೇ. ಅಂದ್ರೆ ಈ ಅಭ್ಯಾಸ ರಾಜಕೀಯ ತಿಳಿದು ಬಂದಿದ್ದಲ್ಲ, ಅದಕ್ಕಿಂತ ಬಹಳ ಮೊದಲೇ ಬಂದಿರುತ್ತೆ. ನಾನು ನಮ್ಮ ಮನೆಯ ಆರು ವರ್ಷದವನಿಗೆ ಅದೇ ಎರಡು ಫೋಟೋ ತೋರಿಸಿ, ‘ಮಾರಿಕಣಿವೆ ಡ್ಯಾಮಿನಲ್ಲಿ ದೋಣಿ ನಡೆಸೋಕೆ ಯಾರು ಬೇಕು?’ ಅಂದೆ. ಹೋದ ವರ್ಷ ಹಿರಿಯೂರಿಗೆ ಹೋದಾಗ ಅಷ್ಟು ನೀರು ನೋಡಿ ಹೆದರಿದ್ದ. ಟೈಲ್ಸ್‌ನವರನ್ನು ತೋರಿಸಿದ. ‘ಮತ್ತೆ ಈ ತಾತ?’ ಅಂದೆ. ‘ತಾತ ನನ್ನ ಪಕ್ಕ ಕೂರ್ಲಿ’ ಅಂದ.

ಮುಖವೇ ಕಾರಣ ಅಂತ ಹೇಗೆ ಹೇಳ್ತೀರಿ?

ಈಗ ಎದುರು ವಾದ. ಇದನ್ನು ಹಾಕಿದ್ದು ನಮ್ಮ ಬೀದಿಯ ಒಬ್ಬ ಮೇಷ್ಟ್ರು, ಮಂಡಕ್ಕಿ ತಿನ್ನುತ್ತಾ, ಒಂದೊಂದೇ ಮೆಣಸಿನಕಾಯಿ ಮುರೀತಾ. ‘ಸ್ಟುಡಿಯೋ ಫೋಟೋ ತೆಗೆಸಿದ ಮನುಷ್ಯ ಫ್ಲೆಕ್ಸ್‌ಗೂ ದುಡ್ಡು ಹಾಕಿರ್ತಾನಲ್ರಿ’ ಅಂದರು. ‘ಮನೆ ಮನೆಗೂ ಹೋಗಿರ್ತಾನೆ. ಜಾತಿ ಲೆಕ್ಕ ನೋಡಿದ್ರಾ? ಮತಪತ್ರದಲ್ಲಿ ಅವರ ಹೆಸರು ಎಷ್ಟನೇದು?’

ಕೊನೆಯದನ್ನು ನಾನು ಯೋಚಿಸಿಯೇ ಇರಲಿಲ್ಲ. ಅಕ್ಷರ ಕ್ರಮದಲ್ಲಿ ಟೈಲ್ಸ್‌ನವರ ಹೆಸರು ಎರಡನೇದು, ಚಿಕ್ಕಪ್ಪನದು ಹದಿಮೂರನೇದು. ಎಂಟು ಗುರುತು ಹಾಕಿ ಸುಸ್ತಾದವರು ಒಂಬತ್ತನೇದಕ್ಕೆ ಮತ್ತೆ ಮೇಲಿಂದ ಓದೋಕೆ ಶುರು ಮಾಡಿದರೆ ಯಾರು ಮೊದಲು ಸಿಗ್ತಾರೆ? ಮತಪತ್ರದಲ್ಲಿ ಹೆಸರು ಮೇಲ್ಗಡೆ ಇದ್ದವರಿಗೆ ಅಲ್ಪ ಲಾಭ ಆಗೋದು ಬೇರೆ ದೇಶಗಳ ಚುನಾವಣೆಗಳಲ್ಲಿ ಕಂಡಿರೋ ಸಂಗತಿಯೇ. 31 ಮತ ಅಷ್ಟರಿಂದಲೇ ಬಂದಿರಬಹುದು.

ದುಡ್ಡಿನ ಮಾತೂ ತೂಕದ್ದೇ. ಅಮೆರಿಕದ ಅಂಕಿಗಳಿಗೂ ಇದೇ ಆಕ್ಷೇಪ ಬಂತು. 2009ರಲ್ಲಿ ಅಟ್ಕಿನ್ಸನ್, ಎನೋಸ್ ಮತ್ತು ಹಿಲ್ ಎಂಬ ಮೂವರು ಕೇಳಿದ್ದು ಇದನ್ನೇ: ಗೆಲ್ಲೋ ಹಾಗಿರೋ ಕಡೆ ಗಟ್ಟಿ ಅಭ್ಯರ್ಥಿಗಳು ಮುಂದೆ ಬರ್ತಾರೆ, ಅಂಥವರು ನೋಡೋಕೂ ಗಟ್ಟಿಯಾಗೇ ಇರ್ತಾರೆ. ಎಲ್ಲಿ ಸೋಲೋದು ಖಚಿತವೋ ಅಲ್ಲಿಗೆ ಯಾರೋ ಒಬ್ಬರು ಸಿಕ್ಕರೆ ಸಾಕು. ಹಾಗಿದ್ದ ಮೇಲೆ ಮುಖ ಗೆಲ್ಲಿಸಿತೋ, ಗೆಲ್ಲೋ ಕಡೆಗೆ ಆ ಮುಖ ಬಂತೋ? ಕ್ಷೇತ್ರದ ಒಲವನ್ನು ಲೆಕ್ಕಕ್ಕೆ ಹಿಡಿದಾಗ ಮುಖದ ಪಾಲು ಸಾಕಷ್ಟು ಇಳಿಯುತ್ತೆ ಅಂತ ಅವರು ತೋರಿಸಿದರು. ಆ 71.6%ನ್ನು ‘ಮುಖ ಇಷ್ಟು ಚುನಾವಣೆ ಗೆಲ್ಲಿಸುತ್ತೆ’ ಅಂತ ಓದಬಾರದು. ‘ಮುಖದಿಂದ ಇಷ್ಟು ಊಹಿಸಬಹುದು’ ಅಂತ ಮಾತ್ರ ಓದಬೇಕು. ಎರಡಕ್ಕೂ ಬಹಳ ದೂರ.

ಆ ಗಂಟು ಬಿಡಿಸೋಕೆ ಇರೋ ನೇರ ದಾರಿ ಅಂದ್ರೆ ಮತದಾರರನ್ನೇ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡೋದು. ಅಭ್ಯರ್ಥಿಗಳು ಅವರೇ, ದುಡ್ಡು ಅದೇ, ಜಾತಿ ಅದೇ. ಒಂದು ಗುಂಪಿಗೆ ಫೋಟೋ ಇಲ್ಲದ ಮತಪತ್ರ, ಇನ್ನೊಂದಕ್ಕೆ ಫೋಟೋ ಇರೋದು. ಕ್ಯಾಲಿಫೋರ್ನಿಯಾದಲ್ಲಿ 2012ರ ಚುನಾವಣೆ ಹತ್ತಿರ ಬಂದಾಗ ಗೇಬ್ರಿಯಲ್ ಲೆನ್ಜ್ ಮತ್ತು ಜೊತೆಯವರು ಹೀಗೇ ಮಾಡಿದರು, ನಿಜವಾದ ಮತಪತ್ರದಲ್ಲಲ್ಲ, ಸಮೀಕ್ಷೆಯಲ್ಲಿ. ಫೋಟೋ ಕಂಡವರಲ್ಲಿ ‘ಚೆನ್ನಾಗಿ ಕಾಣುವ’ ಅಭ್ಯರ್ಥಿಗಳ ಪಾಲು ಏರಿತು. ಎರಡು ಗುಂಪಿಗೂ ಇದ್ದ ವ್ಯತ್ಯಾಸ ಫೋಟೋ ಒಂದೇ ಆಗಿದ್ದರಿಂದ ಇಲ್ಲಿ ದುಡ್ಡಿನ ನೆಪ ನಡೆಯಲ್ಲ. ಮುಖಕ್ಕೆ ತನ್ನದೇ ಆದ ಒಂದು ಪಾಲು ಇದೆ ಅನ್ನೋದು ನಿಜ, ಮೊದಲ ಅಂಕಿ ಹೇಳಿದಷ್ಟು ದೊಡ್ಡದಲ್ಲ ಅನ್ನೋದೂ ನಿಜ.

ಮೇಷ್ಟ್ರಿಗೆ ಇದನ್ನೆಲ್ಲ ಹೇಳಿದೆ. ‘ಅಲ್ಲಿನವರು ಹಂಗಿರಬಹುದು’ ಅಂದರು. ಅದಕ್ಕೂ ಉತ್ತರ ಇತ್ತು: ಮೆಕ್ಸಿಕೊ ಮತ್ತು ಬ್ರೆಜಿಲ್‌ನ ಅಭ್ಯರ್ಥಿಗಳ ಫೋಟೋಗಳನ್ನು ಅಮೆರಿಕದವರಿಗೂ ಭಾರತದವರಿಗೂ ತೋರಿಸಿದ ಅಧ್ಯಯನ 2010ರಲ್ಲಿ ಬಂದಿದೆ. ನಮ್ಮವರೂ ಅವರೂ ಹೆಚ್ಚು ಕಡಿಮೆ ಅದೇ ಮುಖಗಳನ್ನೇ ಆರಿಸಿದ್ದರು. ಮೇಷ್ಟ್ರು ಇನ್ನೊಂದು ಮೆಣಸಿನಕಾಯಿ ಮುರಿದರು.

ಕೊಠಡಿ ಒಂದು, ಕೊಠಡಿ ನಾಲ್ಕು

ನಮ್ಮ ಪ್ರಕರಣದಲ್ಲಿ ಚೀಟಿ ಎತ್ತಿಸೋಕೆ ಆಗಲ್ಲ. ಆದರೆ ಒಂದು ಸುಳಿವು ಸಿಕ್ಕಿತು, ಎಣಿಕೆಗೆ ಕೂತಿದ್ದ ನಮ್ಮ ಏಜೆಂಟ್ ಬರೆದುಕೊಂಡ ಚೀಟಿಯಲ್ಲಿ.

ಮತದಾನಕ್ಕೆ ನಾಲ್ಕು ಕೊಠಡಿ ಇದ್ದವು. ಸದಸ್ಯತ್ವದ ನಂಬರಿನ ಪ್ರಕಾರ ಹಂಚಿದ್ದರು. ಕೊಠಡಿ ಒಂದರಲ್ಲಿ ಹಳೇ ನಂಬರಿನವರು, ಅಂದ್ರೆ ಮಂಡಿಪೇಟೆಯ ವ್ಯಾಪಾರಿಗಳು, ಎಪಿಎಂಸಿಯವರು, ಮಹಾಸಭೆಯಲ್ಲಿ ಚಿಕ್ಕಪ್ಪನ ಪ್ರಶ್ನೆ ಕೇಳಿ ಕೇಳಿ ಬೇಜಾರಾದವರು. ಕೊಠಡಿ ನಾಲ್ಕರಲ್ಲಿ ಇತ್ತೀಚೆಗೆ ಷೇರು ತಗೊಂಡವರು, ಸಾಲಕ್ಕೋ ಠೇವಣಿಗೋ ಬಂದವರು, ಮಹಾಸಭೆಯ ಕಡೆ ತಲೆಯನ್ನೂ ಹಾಕದವರು. ಒಂದು ಮತ್ತು ಎರಡನೇ ಕೊಠಡಿಯಲ್ಲಿ ಚಿಕ್ಕಪ್ಪ ಮುಂದೆ. ಮೂರರಲ್ಲಿ ಹೆಚ್ಚು ಕಡಿಮೆ ಸಮ. ನಾಲ್ಕರಲ್ಲಿ ಎಲ್ಲ ಹೋಯ್ತು.

ಮುಖದ ಕೆಲಸ ಎಲ್ಲಿ ಜೋರಾಗಿ ನಡೆಯುತ್ತೆ ಅಂತ ಕೇಳಿದರೆ, ಬೇರೆ ಏನೂ ಗೊತ್ತಿಲ್ಲದವರಲ್ಲಿ. ಲೆನ್ಜ್ ಮತ್ತು ಚ್ಯಾಪೆಲ್ ಲಾಸನ್ 2011ರಲ್ಲಿ ತೋರಿಸಿದ್ದು ಇದನ್ನೇ: ಮುಖದ ಪರಿಣಾಮ ಎಲ್ಲರ ಮೇಲೂ ಒಂದೇ ಸಮ ಇಲ್ಲ. ರಾಜಕೀಯ ಅಷ್ಟಾಗಿ ತಿಳಿಯದ, ಆದರೆ ಟಿವಿ ಜಾಸ್ತಿ ನೋಡುವ ಮತದಾರರಲ್ಲಿ ಅದು ಗುಡ್ಡೆಯಾಗಿ ಬಿದ್ದಿರುತ್ತೆ. ಮುಖ ಕಾಣ್ತಾ ಇರುತ್ತೆ, ವಿಷಯ ತಿಳಿದಿರಲ್ಲ, ಎರಡೂ ಸೇರಬೇಕು. ತಿಳಿದವರಿಗೆ ಮುಖ ಕಂಡರೂ ಅದರ ಮೇಲೆ ಬೇರೆ ಲೆಕ್ಕ ಕೂತಿರುತ್ತೆ. ನಮ್ಮ ನಾಲ್ಕನೇ ಕೊಠಡಿ ಇದಕ್ಕೆ ಸರಿಯಾಗಿ ಹೊಂದುತ್ತೆ.

ಹೊಂದುತ್ತೆ, ಸರಿ. ಆದರೆ ಹೊಸದಾಗಿ ಷೇರು ತಗೊಂಡವರಲ್ಲಿ ಮನೆ ಕಟ್ಟುವವರು ಜಾಸ್ತಿ, ಮನೆ ಕಟ್ಟುವವರು ಟೈಲ್ಸ್ ಅಂಗಡಿಗೆ ಹೋಗೇ ಹೋಗ್ತಾರೆ. ಅವರಿಗೆ ಆ ಮುಖ ಹೊಸದೇ ಅಲ್ಲದಿರಬಹುದು. ಚಿಕ್ಕಪ್ಪನಿಗೆ ಎಪಿಎಂಸಿ ಇದ್ದ ಹಾಗೆ ಟೈಲ್ಸ್‌ನವರಿಗೆ ಆ ಅಂಗಡಿ. ಇದನ್ನು ಬೇರೆ ಮಾಡಿ ನೋಡಬೇಕಾದರೆ ಉಳಿದ ನಾಲ್ವರು ಪಕ್ಷೇತರರ ಮುಖಗಳನ್ನೂ ಸೇರಿಸಿ, ಹೊರಗಿನ ಊರಿನವರ ಕೈಲಿ ಅಂಕ ಹಾಕಿಸಿ, ಕೊಠಡಿವಾರು ಮತಗಳ ಜೊತೆ ಇಟ್ಟು ನೋಡಬೇಕು, ಅದೂ ಒಂದು ಸೊಸೈಟಿ ಸಾಲದು, ಹತ್ತಾರು ಸೊಸೈಟಿಗಳದು ಬೇಕು. ನನ್ನ ಕೈಲಿ ಆಗೋ ಕೆಲಸ ಅಲ್ಲ.

ನನ್ನ ತೀರ್ಮಾನ ಕೇಳಿದರೆ, ಒಂಬತ್ತನೇ ಗುರುತಿನಲ್ಲಿ ಮುಖಕ್ಕೆ ಪಾಲಿತ್ತು, 31ಕ್ಕಿಂತ ಜಾಸ್ತಿಯೇ ಇತ್ತು ಅನ್ನಿಸುತ್ತೆ. ಆದರೆ ಹೆಸರಿನ ಕ್ರಮವೂ ಅಷ್ಟೇ ಕೊಟ್ಟಿರಬಹುದು. ಇಷ್ಟು ಕಡಿಮೆ ಅಂತರದಲ್ಲಿ ಯಾವುದನ್ನು ಎತ್ತಿದರೂ ಅದೇ ಸೋಲಿಸಿದ ಹಾಗೆ ಕಾಣುತ್ತೆ. ಸಿಂಡಿಕೇಟಿನ ಎಂಟು ಜನರ ವಿಷಯದಲ್ಲಂತೂ ಮುಖ ಕೂದಲೆಳೆಯಷ್ಟೂ ಕೆಲಸ ಮಾಡಿಲ್ಲ. ಅವರಲ್ಲಿ ಒಬ್ಬರ ಫೋಟೋ ಚಿಕ್ಕಪ್ಪನದಕ್ಕಿಂತ ಕೆಟ್ಟದಾಗಿತ್ತು, ಎಲ್ಲರಿಗಿಂತ ಜಾಸ್ತಿ ಮತ ಅವರಿಗೇ ಬಿತ್ತು. ಪಟ್ಟಿ ಕೈಯಲ್ಲಿದ್ದರೆ ಮುಖ ಯಾರು ನೋಡ್ತಾರೆ?

ದೊಡ್ಡ ಚುನಾವಣೆಗಳಲ್ಲೂ ಇದೇ ನೋಡಿ. ಲೋಕಸಭೆ, ವಿಧಾನಸಭೆಯಲ್ಲಿ ಬಹಳ ಜನಕ್ಕೆ ಪಕ್ಷದ ಚಿಹ್ನೆಯೇ ಪಟ್ಟಿ. ಆದರೆ 2015ರ ಮೇ 1ರ ನಂತರದ ಚುನಾವಣೆಗಳಲ್ಲಿ ಮತಯಂತ್ರದ ಮೇಲೆ ಅಭ್ಯರ್ಥಿಯ ಫೋಟೋ ಕೂಡ ಬಂತು, ಹೆಸರಿನ ಪಕ್ಕ. ಒಂದೇ ಹೆಸರಿನ ಇಬ್ಬರು ನಿಂತರೆ ಜನಕ್ಕೆ ಗೊಂದಲ ಆಗಬಾರದು ಅಂತ. ಫೋಟೋ 2 ಸೆಂಟಿಮೀಟರ್ ಅಗಲ, ಎರಡೂವರೆ ಎತ್ತರ. ಬಿಳಿ ಹಿನ್ನೆಲೆ, ಮುಖ ನೇರ ಕ್ಯಾಮೆರಾಕ್ಕೆ, ಕಣ್ಣು ತೆರೆದಿರಬೇಕು, ಟೋಪಿ ಮತ್ತು ಕಪ್ಪು ಕನ್ನಡಕ ಬೇಡ, ಮುಖದಲ್ಲಿ ಭಾವ ಬೇಡ ಅಂತ ಆಯೋಗದ ಸೂಚನೆ. 2025ರ ಬಿಹಾರ ಚುನಾವಣೆಯಿಂದ ಫೋಟೋ ಬಣ್ಣದ್ದಾಯ್ತು, ಜಾಗದ ಮುಕ್ಕಾಲು ಭಾಗ ಮುಖವೇ ಇರಬೇಕು ಅಂತಾಯ್ತು. ಮದುವೆ ಫೋಟೋ ಕತ್ತರಿಸಿ ಕೊಡೋ ನನ್ನಂಥವರಿಗೆ ಅಲ್ಲಿ ಜಾಗ ಇಲ್ಲ. ಬೆಳಕು, ನಗು, ಬಳೆ ಕೈ ಎಲ್ಲ ಹೋಗಿ ಉಳಿಯೋದು ದವಡೆ ಮತ್ತು ಹುಬ್ಬು. ಗುರುತು ಹಿಡಿಯೋಕೆ ಅದು ಒಳ್ಳೆಯದೇ. ಆದರೆ ಒಬ್ಬರನ್ನೂ ಅರಿಯದ ಮತದಾರ ಪಕ್ಷೇತರರ ಸಾಲಿನ ಮೇಲೆ ಬೆರಳು ಓಡಿಸುವಾಗ ಅವನ ಎದುರು ಇರೋದು ಟೊಡೊರೊವ್ ತೋರಿಸಿದಂಥದ್ದೇ ಒಂದು ಹಾಳೆ.

ಇನ್ನೊಂದು ಫೋಟೋ

ಹೋದ ತಿಂಗಳು ಚಿಕ್ಕಪ್ಪನನ್ನು ಸ್ಟುಡಿಯೋಗೆ ಕರೆದುಕೊಂಡು ಹೋದೆ. ಪಾಸ್‌ಪೋರ್ಟ್ ಅಳತೆಯ ಫೋಟೋ ಪಿಂಚಣಿ ಕೆಲಸಕ್ಕೆ ಬೇಕಿತ್ತು, ನೆಪ ಸಿಕ್ಕಿತು. ಹುಡುಗ ಸ್ಟೂಲ್ ಮೇಲೆ ಕೂರಿಸಿ, ಛತ್ರಿಯಂಥ ದೀಪವನ್ನು ಎಡಕ್ಕೆ ಎಳೆದು, ‘ಅಜ್ಜಾರ, ಗದ್ದ ಸ್ವಲ್ಪ ಕೆಳಗ ಮಾಡ್ರಿ, ನಗಬ್ಯಾಡ್ರಿ’ ಅಂದ. ಚಿಕ್ಕಪ್ಪನಿಗೆ ನಗದೆ ಇರೋದು ಗೊತ್ತೇ ಇಲ್ಲ. ನಾಲ್ಕು ಸಲ ಆಯ್ತು. ಐದನೇದಕ್ಕೆ ನಾನು, ‘ಚಿಕ್ಕಪ್ಪ, ಸುಸ್ತಿ ಸಾಲ’ ಅಂದೆ. ಹುಬ್ಬು ಕೆಳಗೆ ಬಂತು, ತುಟಿ ಬಿಗಿಯಾಯ್ತು, ಹುಡುಗ ಕ್ಲಿಕ್ ಮಾಡಿದ.

ಆ ಫೋಟೋ ನೋಡಿ ನಾನೇ ಬೆಚ್ಚಿದೆ. ಅದೇ ಕೆನ್ನೆ, ಅದೇ ಗದ್ದ, ಆದರೆ ಬ್ಯಾಂಕ್ ಮ್ಯಾನೇಜರ್ ಬಂದು ಎದುರು ಕೂತ ಹಾಗಿತ್ತು. ಇದಕ್ಕೂ ಓದಿದ್ದು ಹೊಂದುತ್ತೆ: ಒಬ್ಬರದೇ ಬೇರೆ ಬೇರೆ ಫೋಟೋ ನೋಡಿ ಜನ ಬೇರೆ ಬೇರೆ ಮನುಷ್ಯರ ಮಾತಾಡಿದ ಹಾಗೆ ಮಾತಾಡ್ತಾರೆ ಅಂತ ಟೊಡೊರೊವ್ 2014ರಲ್ಲಿ ಜೆನ್ನಿ ಪೋರ್ಟರ್ ಜೊತೆ ಬರೆದಿದ್ದಾರೆ. ಮುಖ ಮನುಷ್ಯನ ಗುಣ ತೋರಿಸೋದೇ ಆಗಿದ್ದರೆ ಒಂದು ಬೆಳಿಗ್ಗೆ ದೀಪ ಸರಿಸಿದ್ದಕ್ಕೆ ಗುಣ ಬದಲಾಗಬಾರದಿತ್ತಲ್ವಾ.

ಅಕ್ಕನ ಮಗಳಿಗೆ ಕಳಿಸಿದೆ, ಈ ಸಲ ಕಪ್ಪು ಬಿಳುಪು ಮಾಡಿ, ಇಬ್ಬರದನ್ನೂ ಒಂದೇ ಅಳತೆಗೆ ಕತ್ತರಿಸಿ, ಎಡ ಬಲ ಬದಲಾಯಿಸಿ, ಬೇರೆ ಹುಡುಗಿಯರಿಗೆ ತೋರಿಸು ಅಂತ. ಈ ಸಲ ಅರ್ಧಕ್ಕರ್ಧ ಬಂತು. ಚಿಕ್ಕಪ್ಪನಿಗೆ ಫೋನ್ ಮಾಡಲಿಲ್ಲ.

ಟೈಲ್ಸ್ ವ್ಯಾಪಾರಿಯ ಬಗ್ಗೆ ಒಂದು ಮಾತು, ಇಲ್ಲದಿದ್ದರೆ ಅನ್ಯಾಯ ಆಗುತ್ತೆ. ಅವರು ಕೆಟ್ಟ ನಿರ್ದೇಶಕರೇನೂ ಅಲ್ಲ. ಸಭೆಗೆ ತಪ್ಪದೆ ಬರ್ತಾರೆ. ಲೆಕ್ಕ ಅಷ್ಟಾಗಿ ತಿಳಿಯಲ್ಲ, ಅದನ್ನು ಮುಚ್ಚಿಡೋದೂ ಇಲ್ಲ. ಮಂಡಳಿ ಸಭೆಯ ಹಿಂದಿನ ದಿನ ಸಂಜೆ ಹೊತ್ತಿಗೆ ಸುಸ್ತಿ ಪಟ್ಟಿ ಹಿಡಿದುಕೊಂಡು ಸ್ಕೂಟರಲ್ಲಿ ನಮ್ಮ ಮನೆಗೆ ಬರ್ತಾರೆ. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ‘ಇದನ್ನ ಕೇಳ್ರಿ, ಇದನ್ನ ಬಿಡಬ್ಯಾಡ್ರಿ’ ಅಂತ ಪೆನ್ಸಿಲಲ್ಲಿ ಗೆರೆ ಎಳೀತಾರೆ. ಅವರು ಆ ಚೌಕಾದ ಮುಖ ಬಗ್ಗಿಸಿ ಶಾಲೆ ಹುಡುಗನ ಹಾಗೆ ಬರೆದುಕೊಳ್ತಾರೆ.